ಮೂವತ್ತಮೂರು ವಾರದ ಅಳತೆ

ಕುಂದಾಪುರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಹಲವು ವರ್ಷ ರಿಪೋರ್ಟು ಟೈಪ್ ಮಾಡಿದೆ. ಒಳಗಿನ ಕತ್ತಲೆ ಕೋಣೆಯಿಂದ ಸ್ಕ್ಯಾನ್ ಡಾಕ್ಟರು ಗೀಚಿದ ಚೀಟಿ ಬರುತ್ತಿತ್ತು, ನಾನು ಅದನ್ನು ಕಂಪ್ಯೂಟರಿಗೆ ಹೊಡೆದು ಪ್ರಿಂಟ್ ತೆಗೆದು ಕವರಿಗೆ ಹಾಕಿ ಕೊಡುತ್ತಿದ್ದೆ. ಕೆಲಸ ಅಷ್ಟೇ. ಆದರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಕವರು ಕೈಗೆ ಸಿಕ್ಕಿದ ತಕ್ಷಣ ಹರಿದು, ನನ್ನ ಮುಖದ ಮುಂದೆ ಹಿಡಿದು, "ಇದ್ರಗೆ ಎಂತ ಇತ್ತೆ?" ಎನ್ನುತ್ತಿದ್ದರು. ಗಂಡೋ ಹೆಣ್ಣೋ ಎಂಬ ಆಸೆಯಿಂದ ಕೇಳುವವರಿಗೆ ನಾನು ಗೋಡೆಯ ಬೋರ್ಡು ತೋರಿಸುತ್ತಿದ್ದೆ. ಭ್ರೂಣದ ಲಿಂಗ ಹೇಳುವುದು ಅಪರಾಧ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದು ಕಾಣುವುದಿಲ್ಲವೇ ಎಂದು ಗದರುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ನಿಜವಾದ ಹೆದರಿಕೆಯಿಂದ ಕೇಳುವವರಿಗೆ ಮಾತ್ರ, ಡಾಕ್ಟರು ನನಗೆ ಕಲಿಸಿದಷ್ಟನ್ನು ಹೇಳುತ್ತಿದ್ದೆ.

ಕಲಿತದ್ದು ಹೀಗೆ. ಸೇರಿದ ಹೊಸತರಲ್ಲಿ ಎರಡು ಅಂಕಿ ಅದಲು ಬದಲು ಹೊಡೆದಿದ್ದೆ. ಡಾಕ್ಟರು ಬೈಯಲಿಲ್ಲ, ಸ್ಟೂಲು ಎಳೆದು ಕೂರಿಸಿದರು. "ಅರ್ಥ ಗೊತ್ತಿಲ್ಲದೆ ಹೊಡೆದರೆ ನಾಳೆಯೂ ತಪ್ಪುತ್ತದೆ" ಎಂದರು. ಬಿಪಿಡಿ ಎಂದರೆ ಮಗುವಿನ ತಲೆಯ ಅಗಲ, ಒಂದು ಕಿವಿಯ ಕಡೆಯಿಂದ ಇನ್ನೊಂದು ಕಡೆಗೆ. ಎಚ್‌ಸಿ ತಲೆಯ ಸುತ್ತಳತೆ. ಎಸಿ ಹೊಟ್ಟೆಯ ಸುತ್ತಳತೆ. ಎಫ್‌ಎಲ್ ತೊಡೆಯ ಎಲುಬಿನ ಉದ್ದ. ಇವೆಲ್ಲ ಸೇರಿಸಿ ಅಂದಾಜು ತೂಕ ಲೆಕ್ಕ ಹಾಕಿದರೆ ಅದು ಇಎಫ್‌ಡಬ್ಲ್ಯೂ. ಎಎಫ್‌ಐ ಮಗುವಿನ ಸುತ್ತಲಿನ ನೀರಿನ ಅಳತೆ, ಎಫ್‌ಎಚ್‌ಆರ್ ಎದೆಬಡಿತ. 'ಸೆಫಾಲಿಕ್' ಎಂದಿದ್ದರೆ ತಲೆ ಕೆಳಗಿದೆ ಎಂದು, 'ಬ್ರೀಚ್' ಎಂದಿದ್ದರೆ ಕುಂಡೆ ಕೆಳಗಿದೆ ಎಂದು. ಜೊತೆಗೆ ಇನ್ನೊಂದು ಮಾತು ಹೇಳಿದ್ದರು: "ಹೊಟ್ಟೆಯೊಳಗೆ ಮಗುವಿಗೆ ಊಟ ಕಡಿಮೆಯಾದರೆ ಅದು ತಲೆಯನ್ನು ಉಳಿಸಿಕೊಳ್ಳುತ್ತದೆ. ಮೊದಲು ಸೊರಗುವುದು ಹೊಟ್ಟೆ. ಎಸಿ ಟೈಪ್ ಮಾಡುವಾಗ ಎರಡು ಸಲ ನೋಡು."

ನನ್ನ ತಂಗಿಯ ಎಸಿ ನಾನು ಎರಡು ಸಲವಲ್ಲ, ಹತ್ತು ಸಲ ನೋಡಿದೆ.

ನಮ್ಮ ಮನೆ ನಾವುಂದದಲ್ಲಿ. ಅಪ್ಪ ಕಡಲಿಗೆ ಹೋಗುವವರು. ತಂಗಿಯನ್ನು ಬ್ರಹ್ಮಾವರದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದೆವು. ಮೊದಲ ಬಸಿರಿನಲ್ಲಿ ಅವಳಿಗೆ ಏಳು ತಿಂಗಳು ತುಂಬುವಾಗ ಆಸಾಡಿ ಕಾಲಿಟ್ಟಿತು, ಜುಲೈ ನಡುವಿನ ಸಂಕ್ರಮಣದಿಂದ ಆಗಸ್ಟ್ ನಡುವಿನ ಸಂಕ್ರಮಣದವರೆಗಿನ ತಿಂಗಳು. ನಮ್ಮಲ್ಲಿ ಆಸಾಡಿಯಲ್ಲಿ ಒಳ್ಳೆಯ ಕೆಲಸ ಯಾವುದೂ ಇಲ್ಲ. ಬಸುರಿಗೆ ಹೂ ಮುಡಿಸಿ, ಸೀರೆ ಉಡಿಸಿ, ಬಡಿಸಿ ತವರಿಗೆ ಕರೆತರುವ ಬಯಕೆ ಶಾಸ್ತ್ರವೂ ಇಲ್ಲ. ಅದು ಕಳೆದು ಸೋಣೆ ತಿಂಗಳು ಬರಲಿ, ಆಗ ಮಾಡುವ ಎಂದು ಎರಡೂ ಕಡೆಯವರು ಮುಂದೂಡಿದರು. ಸೋಣೆ ಬರುವ ಮೊದಲೇ, ಎಂಟನೇ ತಿಂಗಳಲ್ಲಿ, ಮಗುವಿನ ಮಿಸುಕಾಟ ನಿಂತಿತು. ಅಲ್ಲಿಯೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗು ಅಳಲಿಲ್ಲ. ತುಂಬ ಸಣ್ಣದಿತ್ತು.

ಆ ದಿನದಿಂದ ನಮ್ಮ ಮನೆಯಲ್ಲಿ ಆ ಮಗುವಿನ ಮಾತು ಯಾರೂ ಎತ್ತಲಿಲ್ಲ. ಅಮ್ಮನ ಲೆಕ್ಕ ಸರಳವಾಗಿತ್ತು: ಬಯಕೆ ಆಗದ ಬಸಿರು ಲೆಕ್ಕಕ್ಕಿಲ್ಲ. ಎರಡು ವರ್ಷದ ನಂತರ ತಂಗಿ ಮತ್ತೆ ಬಸುರಿಯಾದಾಗ ಅಮ್ಮ, "ಇದೇ ಚೊಚ್ಚಲ" ಎಂದು ಊರಿಗೆಲ್ಲ ಹೇಳಿದರು. ಮೇ ತಿಂಗಳಲ್ಲಿಯೇ, ಮಳೆ ಹಿಡಿಯುವ ಮೊದಲೇ, ಬಯಕೆ ಮುಗಿಸಿ ಅವಳನ್ನು ನಾವುಂದಕ್ಕೆ ಕರೆತಂದರು. ಬರುವಾಗ ಆಸ್ಪತ್ರೆಯ ಫೈಲು ಮಾತ್ರ ತರಲಿಲ್ಲ. ಹಿಂದಿನ ಬಾರಿಯ ಕಾಗದವೂ ಅದೇ ಫೈಲಿನಲ್ಲಿತ್ತು. "ಆ ದರಿದ್ರ ನಮ್ಮನಿಗೆ ಬಪ್ದ್ ಬ್ಯಾಡ" ಎಂದು ಅದನ್ನು ಬ್ರಹ್ಮಾವರದಲ್ಲೇ ಬಿಟ್ಟು ಬಂದರಂತೆ. ನನಗೆ ಆಗ ಇದು ಗೊತ್ತಿರಲಿಲ್ಲ. ಊರಿನ ನರ್ಸು ಹೊಸ ತಾಯಿ ಕಾರ್ಡು ಮಾಡಿಕೊಟ್ಟಿದ್ದರು, ಅಮ್ಮ ಹೇಳಿದಂತೆ ಬರೆದಿದ್ದರು.

ಜುಲೈ ಮೊದಲ ವಾರ ನರ್ಸು ಹೊಟ್ಟೆಯ ಮೇಲೆ ಟೇಪು ಹಿಡಿದು, ತಿಂಗಳಿಗೆ ತಕ್ಕಷ್ಟು ಬೆಳೆದ ಹಾಗೆ ಕಾಣುವುದಿಲ್ಲ, ಸ್ಕ್ಯಾನ್ ಮಾಡಿಸಿ ಎಂದರು. ಅಮ್ಮ ತಂಗಿಯನ್ನು ಬಸ್ಸು ಹತ್ತಿಸಿ ನಮ್ಮ ಸೆಂಟರಿಗೇ ಕರೆತಂದರು. ಹೊರಗೆ ಮಳೆ ಹುಯ್ಯುತ್ತಿತ್ತು. ನಾನು ಇನ್ನೊಂದು ರಿಪೋರ್ಟಿನಲ್ಲಿ ಮುಳುಗಿದ್ದೆ. ಕೌಂಟರಿನ ಹುಡುಗಿಯೇ ಅಮ್ಮನನ್ನು ಕೇಳಿ ಚೀಟಿ ತುಂಬಿಸಿ ಒಳಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅದೇ ಚೀಟಿ ಡಾಕ್ಟರ ಅಂಕಿಗಳೊಂದಿಗೆ ನನ್ನ ಮೇಜಿಗೆ ಬಂತು.

ಮೇಲೆ 'ಪ್ರೈಮಿ' ಎಂದಿತ್ತು. ಮೊದಲ ಬಸುರಿ ಎಂದು ಅದರ ಅರ್ಥ. ಎಲ್‌ಎಂಪಿ, ಅಂದರೆ ಕೊನೆಯ ಮುಟ್ಟಿನ ಮೊದಲ ದಿನ, ಆ ಜಾಗದಲ್ಲಿ 'ನೆನಪಿಲ್ಲ' ಎಂದಿತ್ತು. ಕೆಳಗೆ ಅಳತೆಗಳು. ತಲೆ ಮೂವತ್ತನಾಲ್ಕು ವಾರದ್ದು. ತೊಡೆಯೆಲುಬೂ ಹೆಚ್ಚುಕಮ್ಮಿ ಅಷ್ಟೇ. ಹೊಟ್ಟೆ ಮೂವತ್ತೊಂದು ವಾರದ್ದು. ಸರಾಸರಿ ಮೂವತ್ತಮೂರು ವಾರ. ಇಡಿಡಿ, ಅಂದರೆ ಹೆರಿಗೆಯ ಅಂದಾಜು ದಿನ, ಆಗಸ್ಟ್ ಮೂರನೇ ವಾರಕ್ಕೆ ಬಿದ್ದಿತ್ತು. ನೀರು ಕಡಿಮೆಯ ಕಡೆಗೆ.

ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಯಾಕೆಂದರೆ ಎಲ್‌ಎಂಪಿ ನನಗೇ ನೆನಪಿತ್ತು! ಹಿಂದಿನ ದೀಪಾವಳಿಗೆ ತಂಗಿ ತವರಿಗೆ ಬಂದಿದ್ದಳು. ಹಂಡೆ ತೊಳೆದು ನೀರು ತುಂಬುವ ದಿನವೇ ಹೊರಗಾಗಿ, ಹಬ್ಬವಿಡೀ ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಎಣ್ಣೆಸ್ನಾನ ತಪ್ಪಿತೆಂದು ಅವಳು ಮುಖ ಊದಿಸಿಕೊಂಡದ್ದಕ್ಕೆ ನಾನೇ ಛೇಡಿಸಿದ್ದೆ. ಆ ವರ್ಷ ದೀಪಾವಳಿ ಅಕ್ಟೋಬರ್ ಮೂರನೇ ವಾರದಲ್ಲಿತ್ತು. ಆ ದಿನಕ್ಕೆ ಒಂಬತ್ತು ತಿಂಗಳು ಕೂಡಿಸಿ ಮೇಲೆ ಏಳು ದಿನ ಸೇರಿಸಿದರೆ ಹೆರಿಗೆಯ ದಿನ ಸಿಗುತ್ತದೆ. ಸಿಗುವುದು ಜುಲೈ ಕೊನೆಯ ವಾರ. ಎಂದರೆ ಈಗ ಅವಳಿಗೆ ನಡೆಯುತ್ತಿರುವುದು ಮೂವತ್ತೇಳನೇ ವಾರ. ಮಗು ಮಾತ್ರ ಮೂವತ್ತಮೂರರಲ್ಲಿ ನಿಂತಿದೆ.

ಎದ್ದು ಹೊರಗೆ ಬಂದೆ. ತಂಗಿ ಬೆಂಚಿನ ತುದಿಯಲ್ಲಿ ಸೆರಗು ಹಿಂಡುತ್ತ ಕೂತಿದ್ದಳು. ಅಮ್ಮನ ಮುಖದಲ್ಲಿ ಹಬ್ಬದ ಕಳೆ.

"ಒಳ್ಗ್ ಹೇಳ್ರ್ ಕಾಣ್, ಆಗಸ್ಟಿಗೆ ಡೇಟ್ ಅಂಬ್ರ್. ಸಂಕ್ರಮಣ ಕಳ್ದ್ ಮೇಲೆ. ಸೋಣೆಗೇ ಬಿತ್ತ್" ಎಂದರು ಅಮ್ಮ.

"ಅಮ್ಮ, ಮುಟ್ಟಿನ್ ದಿನ ನೆನಪಿಲ್ಲೆ ಅಂದ್ ಎಂತಕ್ ಹೇಳ್ದೆ? ನೀರ್ ತುಂಬು ದಿನ ಅವ್ಳ್ ಹೊರ್ಗಾದ್ದ್ ನಿಂಗೆ ಮರ್ತ್ ಹೋಯ್ತಾ?"

ಅಮ್ಮ ಸುತ್ತ ನೋಡಿ ದನಿ ತಗ್ಗಿಸಿದರು. "ಮಿಷನ್ ಕಂಡ್ ಹೇಳಿದ್ದಲ್ದಾ? ಮಿಷನಿಗಿಂತ ನೀ ಹೆಚ್ಚಾ? ಸುಮ್ನಿರ್."

"ಮತ್ತೆ ಚೊಚ್ಚಲ ಅಂದ್ ಎಂತಕ್ ಬರ್ಸಿದ್ದ್?"

ಅಮ್ಮ ಕೊಡೆಯ ನೀರು ಕೊಡವತೊಡಗಿದರು. ತಂಗಿ ಕೆಳಗೆ ನೋಡುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು. ಇದು ಮರೆವಲ್ಲ. ಆಸಾಡಿಯಲ್ಲಿ ಬೀಳುವ ದಿನವೊಂದನ್ನು ತನ್ನ ಬಾಯಾರೆ ಹೇಳಲು ಅಮ್ಮನಿಗೆ ಧೈರ್ಯವಿಲ್ಲ. ಮೊಮ್ಮಗುವನ್ನು ಆ ತಿಂಗಳು ನುಂಗಿತು ಎಂದೇ ಆಕೆಯ ನಂಬಿಕೆ. ಮಿಷನ್ನು ಆಗಸ್ಟ್ ಎಂದದ್ದು ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿತ್ತು.

ಸೀದಾ ಸ್ಕ್ಯಾನ್ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ನನ್ನ ಮಿಷನ್ನಿಗೆ ಮಗುವಿನ ವಯಸ್ಸು ಗೊತ್ತಾಗುವುದಿಲ್ಲ, ಗಾತ್ರ ಮಾತ್ರ ಗೊತ್ತಾಗುತ್ತದೆ. ಈ ಗಾತ್ರದ ಮಗು ಸಾಮಾನ್ಯವಾಗಿ ಎಷ್ಟು ವಾರದ್ದು ಎಂದು ಅದು ಹೇಳುತ್ತದೆ. ಮೊದಲ ಮೂರು ತಿಂಗಳಲ್ಲಿ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಆಗ ಗಾತ್ರ ನೋಡಿ ವಯಸ್ಸು ಹೇಳಬಹುದು. ಈಗ ಹೇಳಿದರೆ ವಾರಗಟ್ಟಲೆ ತಪ್ಪಬಹುದು. ಆರಂಭದ ಸ್ಕ್ಯಾನ್ ಮಾಡಿಸಿದ್ದಾರಾ?"

ಬ್ರಹ್ಮಾವರದಲ್ಲಿ ಡಿಸೆಂಬರಿನಲ್ಲಿ ಮಾಡಿಸಿದ್ದಳು.

"ಹಾಗಾದರೆ ಆ ಕಾಗದ ಬೇಕು, ಈವತ್ತೇ. ಅದರಲ್ಲಿ ಸಿಆರ್‌ಎಲ್ ಅಂತ ಇರುತ್ತದೆ, ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ. ಅದೂ ನೀನು ಹೇಳುವ ದಿನಕ್ಕೆ ಹೊಂದಿದರೆ ಈ ಮಗು ಚಿಕ್ಕ ವಯಸ್ಸಿನದಲ್ಲ, ಸರಿಯಾಗಿ ಬೆಳೆಯದ್ದು. ಎರಡಕ್ಕೂ ಅಜಗಜಾಂತರ."

ಫೈಲು ಬ್ರಹ್ಮಾವರದಲ್ಲೇ ಇದೆ ಎಂದು ತಂಗಿ ಆಗ ಬಾಯಿಬಿಟ್ಟಳು. ನಾನು ಭಾವನಿಗೆ, ಅಂದರೆ ತಂಗಿಯ ಗಂಡನಿಗೆ, ಫೋನು ಮಾಡಿದೆ. ಫೈಲು ಹಿಡಿದುಕೊಂಡು ಸಿಕ್ಕಿದ ಬಸ್ಸು ಹತ್ತಿ ಬನ್ನಿ ಎಂದೆ. ಎಂತಾಯಿತು ಎಂದು ಅವರು ಕೇಳುತ್ತಿದ್ದಂತೆಯೇ ಫೋನು ಇಟ್ಟೆ. ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ಹೆರಿಗೆ ಡಾಕ್ಟರಮ್ಮನ ಆಸ್ಪತ್ರೆ ನಮ್ಮ ಸೆಂಟರಿನ ಹತ್ತಿರವೇ. ಅಲ್ಲಿಗೆ ಮೂವರೂ ಕೊಡೆ ಹಿಡಿದು ಹೋಗಿ ಕೂತೆವು. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದರು. ತಂಗಿಯನ್ನು ಮೆಲ್ಲಗೆ ಕೇಳಿದೆ, "ಮಿಸುಕಾಡತ್ತಾ?"

"ಮಿಸುಕಾಡತ್ತೆ ಅಕ್ಕ. ಮೊದ್ಲಿನಷ್ಟ್ ಇಲ್ಲೆ" ಎಂದಳು.

ಕೋಟ ದಾಟಿತಾ, ತೆಕ್ಕಟ್ಟೆ ದಾಟಿತಾ ಎಂದು ಭಾವ ಬರುವ ಬಸ್ಸನ್ನು ನಾನು ಮನಸ್ಸಿನಲ್ಲೇ ದೂಡುತ್ತಿದ್ದೆ. ನಮ್ಮ ಸರದಿ ಬಂದರೂ ಭಾವ ಬಂದಿರಲಿಲ್ಲ.

ಡಾಕ್ಟರಮ್ಮ ಗಟ್ಟಿ ಹೆಂಗಸು, ಮಾತು ಕಡಿಮೆ. ರಿಪೋರ್ಟು ಓದಿ, ತಂಗಿಯನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿ, ಕುರ್ಚಿಗೆ ಬಂದು ಕೂತು ಪೆನ್ನು ಹಿಡಿದರು.

"ಎಷ್ಟನೇ ಬಸಿರು?"

"ಚೊಚ್ಚಲ" ಎಂದರು ಅಮ್ಮ, ತಂಗಿ ಬಾಯಿ ತೆರೆಯುವ ಮೊದಲೇ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿ ನನ್ನ ಕೈ ಒತ್ತಿ ಹಿಡಿದಳು. ಅವಳು ಮನೆಯಲ್ಲಿ ಎಲ್ಲರಿಗಿಂತ ಮೆತ್ತನೆಯವಳು. ಆ ಎರಡು ವರ್ಷ ಅಮ್ಮನ ಎದುರು ಒಂದು ಮಾತು ಆಡಿದವಳಲ್ಲ.

"ಎರಡ್ನೇದ್ ಡಾಕ್ಟ್ರೇ. ಒಂದ್ ಹೆತ್ತಿದೆ. ಎಂಟ್ ತಿಂಗ್ಳಿಗೆ. ಜೀವ ಇರ್ಲಿಲ್ಲೆ." ಸ್ವಲ್ಪ ತಡೆದು ಮುಂದುವರಿಸಿದಳು. "ಈ ಸಲ ಮುಟ್ಟಾದ್ದ್ ದೀಪಾವಳಿ ನೀರ್ ತುಂಬು ದಿನ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರಮ್ಮ ಬರೆದುಕೊಂಡರು. ನಾನು ಬಗ್ಗಿ ನೋಡಿದೆ: ಜಿ2 ಪಿ1 ಎಲ್0.

ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಆದರೂ, "ಎಂತ ಬರದ್ರಿ?" ಎಂದು ಕೇಳಿದರು. ಸೋತ ದನಿ ಅದು.

ಡಾಕ್ಟರಮ್ಮ ಕಾಗದವನ್ನು ಅಮ್ಮನ ಕಡೆ ತಿರುಗಿಸಿದರು. "ಜಿ ಅಂದರೆ ಗ್ರಾವಿಡಾ. ಈಗಿನದ್ದೂ ಸೇರಿ ಎಷ್ಟು ಸಲ ಬಸಿರಾಗಿದೆ ಎಂಬ ಲೆಕ್ಕ. ಎರಡು. ಪಿ ಅಂದರೆ ಪ್ಯಾರಾ. ಮಗು ಹೊರಗೆ ಬದುಕಬಲ್ಲಷ್ಟು ತಿಂಗಳು ದಾಟಿದ ಮೇಲೆ ಎಷ್ಟು ಹೆರಿಗೆ ಆಗಿದೆ ಎಂದು. ಹುಟ್ಟಿದ್ದು ಬದುಕಿತಾ ಇಲ್ಲವಾ, ಅದನ್ನು ಪ್ಯಾರಾ ಕೇಳುವುದಿಲ್ಲ. ಹೆತ್ತದ್ದು ಹೆತ್ತದ್ದೇ. ಒಂದು. ಆರಂಭದಲ್ಲೇ ಗರ್ಭ ಹೋಗಿದ್ದರೆ ಅದಕ್ಕೆ ಎ ಅಂತ ಬೇರೆ ಬರೆಯುತ್ತೇವೆ, ಇವರಿಗೆ ಅದಿಲ್ಲ. ಎಲ್ ಅಂದರೆ ಈಗ ಜೀವಂತ ಇರುವ ಮಕ್ಕಳು. ಸೊನ್ನೆ. ಅಮ್ಮ, ಈ ಒಂದು ಮತ್ತು ಈ ಸೊನ್ನೆ ನೋಡಿದರೆ ನಾನು ಇವರನ್ನು ನೋಡುವ ರೀತಿಯೇ ಬೇರೆ. ಚೊಚ್ಚಲ ಅಂದಿದ್ದರೆ, ಡೇಟು ಆಗಸ್ಟಿಗೆ ಅಂದುಕೊಂಡು, ಎರಡು ವಾರ ಬಿಟ್ಟು ಬನ್ನಿ ಅನ್ನುತ್ತಿದ್ದೆನೋ ಏನೋ."

ಬಾಗಿಲು ದೂಡಿಕೊಂಡು ಭಾವ ಒಳಗೆ ಬಂದರು. ತಲೆಯಿಂದ ಪಾದದವರೆಗೆ ಒದ್ದೆ, ಎದೆಗೆ ಅವುಚಿ ಹಿಡಿದ ಪ್ಲಾಸ್ಟಿಕ್ ಚೀಲದೊಳಗಿನ ಫೈಲು ಮಾತ್ರ ಒಣಗಿತ್ತು. ಡಾಕ್ಟರಮ್ಮ ಡಿಸೆಂಬರಿನ ಸ್ಕ್ಯಾನನ್ನೂ ಆ ದಿನದ್ದನ್ನೂ ಅಕ್ಕಪಕ್ಕ ಇಟ್ಟರು. ಸಿಆರ್‌ಎಲ್ ಒಂಬತ್ತು ವಾರದ್ದು. ದೀಪಾವಳಿಯ ಲೆಕ್ಕಕ್ಕೆ ಸರಿಯಾಗಿ ಕೂತಿತು. ಇಡಿಡಿ ಜುಲೈ ಕೊನೆಯ ವಾರ.

"ಒಮ್ಮೆ ಹೀಗೆ ಸರಿಯಾಗಿ ನಿಂತ ಡೇಟನ್ನು ಮತ್ತೆ ಮತ್ತೆ ಬದಲಿಸಬಾರದು. ಕೊನೆಯ ಸ್ಕ್ಯಾನಿನಲ್ಲಿ ದಿನ ಮುಂದೆ ಹೋದರೆ ಹೆರಿಗೆ ಮುಂದೆ ಹೋಯಿತು ಎಂದಲ್ಲ. ಮಗು ಹಿಂದೆ ಉಳಿದಿದೆ ಎಂದು" ಎಂದರು ಅವರು.

ಅಮ್ಮ ಎದ್ದು ನಿಂತರು. "ಹ್ವಾಯ್ ಡಾಕ್ಟ್ರೇ, ನಿಮ್ಮ್ ಲೆಕ್ಕದಗೆ ಅದ್ ಆಸಾಡಿಗೇ ಬಿದ್ದಿತಲೆ! ಆ ತಿಂಗ್ಳ್ ಮಾತ್ರ ಬ್ಯಾಡ. ಒಂದ್ ತಕಂಡ್ ಹೋಯ್ತ್, ಇದೂ ಹೋತ್ತ್!"

ನಾನು ಗದರಲು ಹೊರಟಿದ್ದೆ. ಆದರೆ ಡಾಕ್ಟರಮ್ಮ ನಗಲಿಲ್ಲ, ಬೈಯಲಿಲ್ಲ. "ಆಸಾಡಿ ಯಾವಾಗ ಶುರು?" ಎಂದು ಕೇಳಿದರು.

"ಈ ತಿಂಗ್ಳ್ ಸಂಕ್ರಮಣಕ್ಕೆ. ಇನ್ನ್ ಎರಡ್ ವಾರ ಇತ್ತ್."

"ಅಲ್ಲಿಯ ತನಕ ನಾನು ಇದನ್ನು ಒಳಗೆ ಬಿಡುವುದಿಲ್ಲ. ಒಳಗೆ ಊಟ ಸಿಗುತ್ತಿಲ್ಲ ಅಂದರೆ ಹೊರಗೆ ತೆಗೆದು ನಾವು ಕೊಡಬೇಕು. ಮೂವತ್ತೇಳು ತುಂಬಲಿ ಎಂದು ನೋಡುತ್ತೇನೆ. ಅದಕ್ಕೂ ಮೊದಲು ಮಗುವಿಗೆ ಕಷ್ಟ ಎಂದು ಕಂಡರೆ ಕಾಯುವುದಿಲ್ಲ. ಈವತ್ತೇ ಅಡ್ಮಿಟ್ ಆಗಬೇಕು."

ಅಮ್ಮ ಮತ್ತೆ ಕೂತರು. ಸೋಣೆಯನ್ನು ಹಿಡಿಯಲು ದಿನವನ್ನು ಮುಂದಕ್ಕೆ ಎಳೆದಿದ್ದ ಆಕೆಗೆ, ಹಿಂದಕ್ಕೂ ಒಂದು ದಾರಿ ಇದೆ ಎಂಬುದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ತಂಗಿಯನ್ನು ಮತ್ತೆ ನಮ್ಮ ಸೆಂಟರಿಗೆ ಕರೆತಂದು ಡಾಪ್ಲರ್ ಮಾಡಿದರು. ಹೊಕ್ಕುಳಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುವ ಸ್ಕ್ಯಾನು ಅದು. ಹರಿವು ಇದೆ, ಆದರೆ ತಡೆ ಹೆಚ್ಚಿದೆ ಎಂದು ಬಂತು. ಆ ರಿಪೋರ್ಟನ್ನೂ ನಾನೇ ಟೈಪ್ ಮಾಡಿದೆ. 'ಒಂದೇ ಜೀವಂತ ಮಗು, ಗರ್ಭಕೋಶದೊಳಗೆ' ಎಂದು ಪ್ರತಿ ರಿಪೋರ್ಟಿನ ಮೊದಲ ಸಾಲಿಗೆ ಹೊಡೆಯುವ ಇಂಗ್ಲಿಷ್ ಮಾತು ನನ್ನ ಬೆರಳಿಗೆ ಅಭ್ಯಾಸವಾಗಿತ್ತು, ನೋಡದೆ ಹೊಡೆಯುತ್ತಿದ್ದೆ. ಅವತ್ತು 'ಜೀವಂತ' ಎಂಬಲ್ಲಿ ಕಣ್ಣು ಮಂಜಾಯಿತು. ಸರಿಯಾಗಿ ಹೊಡೆದಿದ್ದೇನಾ ಎಂದು ಅಕ್ಷರ ಅಕ್ಷರ ಓದಿದೆ.

ಮುಂದಿನ ದಿನಗಳು ಹೇಗೆ ಕಳೆದವೋ. ಬೆಳಿಗ್ಗೆ ಸಂಜೆ ತಂಗಿಯ ಹೊಟ್ಟೆಗೆ ಪಟ್ಟಿ ಕಟ್ಟಿ ಎನ್‌ಎಸ್‌ಟಿ ಮಾಡುತ್ತಿದ್ದರು. ಮಗು ಮಿಸುಕಿದಾಗ ಎದೆಬಡಿತ ಏರುತ್ತದಾ ಎಂದು ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ. ಗೆರೆ ಏರಿದರೆ ಒಳ್ಳೆಯದು. ಅಮ್ಮ ಅದರ ಮುಂದೆ ಕೈಮುಗಿದು ಕೂರುತ್ತಿದ್ದರು, ಗೆರೆ ಏರಿದಾಗಲೆಲ್ಲ, "ಬಂತ್ ಕಾಣ್!" ಎನ್ನುತ್ತಿದ್ದರು. ನನ್ನ ಜೊತೆ ಮಾತು ಆರಂಭವಾದದ್ದು ಆ ಗೆರೆಯ ದೆಸೆಯಿಂದಲೇ. ಭಾವ ಹೊರಗೆ ವರಾಂಡದಲ್ಲಿ ಅತ್ತಿಂದಿತ್ತ ನಡೆಯುವುದು ಬಿಟ್ಟು ಬೇರೇನೂ ಮಾಡಲಿಲ್ಲ.

ಮೂವತ್ತೇಳು ವಾರ ತುಂಬಿದ ಮರುದಿನ ಬೆಳಿಗ್ಗೆ ನೋಡಿದಾಗ ನೀರಿನ ಅಳತೆ ಎಎಫ್‌ಐ ಐದಕ್ಕಿಂತ ಕೆಳಗೆ ಇಳಿದಿತ್ತು. ಗೆರೆ ಮೊದಲಿನಂತೆ ಏರುತ್ತಿರಲಿಲ್ಲ. ಇನ್ನು ಆಗುವುದಿಲ್ಲ, ಈಗಲೇ ಸಿಸೇರಿಯನ್ ಎಂದರು ಡಾಕ್ಟರಮ್ಮ. ತಂಗಿಯನ್ನು ಒಳಗೆ ಕೊಂಡುಹೋಗುವಾಗ ಅವಳು ನನ್ನನ್ನು ಕರೆದಳು.

"ಅಕ್ಕ, ಇದ್ ಅಳತ್ತಾ?"

ಅಳುತ್ತದೆ ಎಂದೆ. ನನಗೇನು ಗೊತ್ತಿತ್ತು, ಮಣ್ಣು! ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತೆವು. ಮಾಡಿನ ಮೇಲೆ ಮಳೆ ಎಷ್ಟು ಜೋರಿತ್ತೆಂದರೆ, ಅತ್ತರೂ ಕೇಳುವುದಿಲ್ಲ ಎಂದು ನನಗೆ ಸಿಟ್ಟು ಬಂತು. ಅಮ್ಮ ನನ್ನ ತೋಳನ್ನು ಉಗುರು ಊರುವಷ್ಟು ಹಿಡಿದಿದ್ದರು. ಎಷ್ಟೋ ಹೊತ್ತಾದಂತಾಯಿತು. ಆಮೇಲೆ ಆ ಮಳೆಯನ್ನೂ ಸೀಳಿಕೊಂಡು ಒಂದು ಸಣ್ಣ, ಸಿಡುಕಿನ ಅಳು ಬಂತು. ಭಾವ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟರು.

ಹೆಣ್ಣು ಮಗು. ಎರಡು ಕೆಜಿಗೆ ಸ್ವಲ್ಪ ಕಡಿಮೆ. ಚರ್ಮ ಸಡಿಲು, ಕೈಕಾಲು ಸಣಕಲು, ಗಂಟಲು ಮಾತ್ರ ನನ್ನದು. ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು, ತೂಕ ಏರತೊಡಗಿದ ಮೇಲೆ ಮನೆಗೆ ಬಿಟ್ಟರು. ಆಸಾಡಿ ಅಷ್ಟರಲ್ಲಿ ಶುರುವಾಗಿತ್ತು. ಅಮ್ಮ ಅದರ ಹೆಸರೆತ್ತಲಿಲ್ಲ.

ಹೊರಡುವ ದಿನ ಡಿಸ್‌ಚಾರ್ಜ್ ಕಾಗದವನ್ನು ತಂಗಿ ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದಳು. ಒಂದು ಕಡೆ ಬೆರಳಿಟ್ಟು ನಿಂತಳು. ಪಿ2 ಎಲ್1.

"ಅಕ್ಕ, ಇದ್ರಗೆ ಅದೂ ಇತ್ತಲೆ" ಎಂದಳು.

ಇದೆ ಎಂದೆ. ಅವಳು ಆ ಮಗುವಿಗಾಗಿ ನಮ್ಮೆದುರು ಮೊದಲ ಬಾರಿಗೆ ಅತ್ತಳು. ಎರಡು ವರ್ಷದ ಅಳು. ಅಮ್ಮ ಕೂಸನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಿದ್ದರು, ಎಲ್ಲ ಕೇಳಿಸಿಕೊಂಡರು, ಅಳಬೇಡ ಎನ್ನಲಿಲ್ಲ.

ನಾವುಂದದಲ್ಲಿ ರಿಕ್ಷಾ ಇಳಿಯುವಾಗ ನೆರೆಮನೆಯ ಹೆಂಗಸು ಕೊಡೆ ಹಿಡಿದು ಓಡಿ ಬಂದಳು. ಬಟ್ಟೆ ಸರಿಸಿ ಮಗುವಿನ ಮುಖ ನೋಡಿ, "ಚೊಚ್ಚಲಕ್ಕೇ ಹೆಣ್ಣ್, ಲಕ್ಷ್ಮಿ ಬಂದ್ಲ್ ಮಾರಾಯ್ತಿ" ಎಂದಳು.

ಅಮ್ಮ ಮಗುವಿನ ಮುಖಕ್ಕೆ ಮತ್ತೆ ಬಟ್ಟೆ ಮುಚ್ಚಿ, ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ನಿಂತರು.

"ಚೊಚ್ಚಲ ಅಲ್ಲ" ಎಂದರು. "ಎರಡ್ನೇದ್."